ಗ್ರಾಚ್ಯುಟಿ ಇಡಿಗಂಟಾಗಿ ಇರಲಿಯೋ, ಪೆನ್ಶನ್ ಆಗಲಿಯೋ? ಊರಿಗೆ ಹೊರಟವರಿಗೊಂದು ಲೆಕ್ಕ

ಅಬುಧಾಬಿ: ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಹೊರಟವರ ಕೈಗೆ ಕೊನೆಯಲ್ಲಿ ಬರುವುದು ಒಂದೇ ಒಂದು ಮೊತ್ತ. ಕಂಪನಿ ಫೈನಲ್ ಸೆಟ್ಲ್‌ಮೆಂಟ್ ಅಂತ ಕೊಡುವ ಗ್ರಾಚ್ಯುಟಿ. ಯುಎಇಯ ಸರಕಾರಿ ಪಿಂಚಣಿ ವ್ಯವಸ್ಥೆ ಈ ದೇಶದ ಮತ್ತು ಜಿಸಿಸಿ ದೇಶಗಳ ಪ್ರಜೆಗಳಿಗೆ ಮಾತ್ರ. ನಮಗೆ ತಿಂಗಳು ತಿಂಗಳು ಬರುವ ಹಣ ಏನೂ ಇಲ್ಲ. ಹಾಗಾಗಿ ಆ ಇಡಿಗಂಟನ್ನು ತಿಂಗಳ ಖರ್ಚಿಗೆ ತಿರುಗಿಸುವ ಕೆಲಸ ಪೂರ್ತಿ ನಮ್ಮದೇ.

ಈ ಹೊತ್ತಿಗೆ ಸಲಹೆ ಎರಡು ಕಡೆಯಿಂದ ಬರುತ್ತದೆ. ಊರಿನ ಏಜೆಂಟರು ಫೋನ್ ಮಾಡಿ, "ಎಲ್ಲ ಪೆನ್ಶನ್ ಪಾಲಿಸಿಗೆ ಹಾಕಿ, ಸಾಯುವವರೆಗೆ ಬರ್ತದೆ" ಅಂತಾರೆ. ರೂಮಿನವರು, "ಬ್ಯಾಂಕಲ್ಲಿ ಎಫ್‌ಡಿ ಇಡಿ, ಬಡ್ಡಿಯಲ್ಲಿ ಬದುಕಬಹುದು, ಅಸಲು ಎಲ್ಲಿಗೂ ಹೋಗುವುದಿಲ್ಲ" ಅಂತಾರೆ. ಎರಡರಲ್ಲೂ ಅರ್ಧ ಸತ್ಯ ಉಂಟು. ಉಳಿದರ್ಧ ಗೊತ್ತಾಗುವುದು ಹತ್ತು ವರ್ಷ ಕಳೆದ ಮೇಲೆ, ಮತ್ತೆ ದುಡಿಯುವ ವಯಸ್ಸು ದಾಟಿದಾಗ. ಅದನ್ನು ಈಗಲೇ ಲೆಕ್ಕ ಹಾಕಿ ನೋಡೋಣ.

ಉದಾಹರಣೆಗೆ ಖಾಲಿದಿಯಾದ ಒಬ್ಬರನ್ನು ಇಟ್ಟುಕೊಳ್ಳೋಣ. ಒಂದೇ ಕಂಪನಿಯಲ್ಲಿ 24 ವರ್ಷ ಸ್ಟೋರ್ ಕೀಪರ್ ಆಗಿದ್ದವರು. ವಯಸ್ಸು 60, ಊರು ಕಾರ್ಕಳದ ಕಡೆ. ಹೆಂಡತಿ ಊರಲ್ಲೇ ಇದ್ದಾರೆ, ಅವರಿಗೆ 54. ಮಕ್ಕಳ ಮದುವೆ, ಓದು ಎಲ್ಲ ಮುಗಿದಿದೆ, ಮನೆಯ ಸಾಲ ಇಲ್ಲ. ಒಟ್ಟು ಸಂಬಳ 10,000 ದಿರ್ಹಂ, ಅದರಲ್ಲಿ ಬೇಸಿಕ್ 6,000.

ಮೊದಲು ಕೈಗೆ ಎಷ್ಟು ಬರುತ್ತದೆ

ಗ್ರಾಚ್ಯುಟಿಯನ್ನು ಬೇಸಿಕ್ ಮೇಲೆ ಲೆಕ್ಕ ಹಾಕುತ್ತಾರೆ, ಒಟ್ಟು ಸಂಬಳದ ಮೇಲೆ ಅಲ್ಲ. ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಬೇಸಿಕ್. 6,000ವನ್ನು 30ರಿಂದ ಭಾಗಿಸಿದರೆ ದಿನಕ್ಕೆ 200 ದಿರ್ಹಂ. ಮೊದಲ 5 ವರ್ಷಕ್ಕೆ 21,000. ಉಳಿದ 19 ವರ್ಷಕ್ಕೆ 1,14,000. ಒಟ್ಟು 1,35,000 ದಿರ್ಹಂ. ಗ್ರಾಚ್ಯುಟಿ ಎರಡು ವರ್ಷದ ವೇತನ ಮೀರಬಾರದು ಎಂಬ ಮಿತಿ ಉಂಟು, ಇದು ಅದರ ಒಳಗೇ ಇದೆ. ಸಂಬಳವಿಲ್ಲದ ರಜೆಯ ದಿನಗಳು ಸೇವೆಗೆ ಸೇರುವುದಿಲ್ಲ, ಅದನ್ನು ಮರೆಯಬೇಡಿ. ಕೆಲಸ ಮುಗಿದ 14 ದಿನದೊಳಗೆ ಹಣ ಕೊಡಬೇಕು ಅಂತ 2021ರ ಕಾರ್ಮಿಕ ಕಾನೂನು ಹೇಳುತ್ತದೆ. ಹಿಂದೆ ರಾಜೀನಾಮೆ ಕೊಟ್ಟರೆ ಗ್ರಾಚ್ಯುಟಿ ಕಡಿತ ಆಗುತ್ತಿತ್ತು. 2022ರ ಫೆಬ್ರವರಿಯಲ್ಲಿ ಈ ಕಾನೂನು ಜಾರಿಯಾದ ಮೇಲೆ ಆ ಕಡಿತ ಇಲ್ಲ.

ಲೆಕ್ಕಕ್ಕೆ ಒಂದು ದಿರ್ಹಂಗೆ 24 ರೂಪಾಯಿ ಹಿಡಿದರೆ ಇದು 32.4 ಲಕ್ಷ ರೂಪಾಯಿ. ಇಷ್ಟು ವರ್ಷದ ಉಳಿತಾಯ ಎನ್‌ಆರ್‌ಇ ಡಿಪಾಸಿಟ್‌ನಲ್ಲಿ 27.6 ಲಕ್ಷ ಇದೆ ಅಂದುಕೊಳ್ಳೋಣ. ಎಲ್ಲ ಸೇರಿ 60 ಲಕ್ಷ. ಊರಲ್ಲಿ ಇಬ್ಬರ ಖರ್ಚು, ಔಷಧಿ, ಕರೆಂಟು, ಆಚೆ ಈಚೆ ಮದುವೆ ಮುಂಜಿಯ ಉಡುಗೊರೆ ಎಲ್ಲ ಸೇರಿ ತಿಂಗಳಿಗೆ 25,000 ರೂಪಾಯಿ. ವರ್ಷಕ್ಕೆ 3 ಲಕ್ಷ.

ಪಾಸ್‌ಬುಕ್ ಹೇಳುವ ಸುಳ್ಳು

ರೂಮಿನವರ ಮಾತನ್ನೇ ಮೊದಲು ನೋಡೋಣ. 60 ಲಕ್ಷ ಪೂರ್ತಿ ಎಫ್‌ಡಿ, ಬಡ್ಡಿ ವರ್ಷಕ್ಕೆ ಶೇ. 7. ಅಂದರೆ 4.2 ಲಕ್ಷ. ಖರ್ಚು ಬರೇ 3 ಲಕ್ಷ. ಬಡ್ಡಿಯೇ ಖರ್ಚಿಗಿಂತ ಜಾಸ್ತಿ! ಇನ್ನೇನು ಬೇಕು ಅಂತ ಯಾರಿಗೂ ಅನ್ನಿಸುತ್ತದೆ.

ಆದರೆ ಖರ್ಚು 3 ಲಕ್ಷದಲ್ಲೇ ನಿಲ್ಲುವುದಿಲ್ಲ. ಬೆಲೆ ಏರಿಕೆ ವರ್ಷಕ್ಕೆ ಶೇ. 6 ಹಿಡಿಯಿರಿ. ರಿಸರ್ವ್ ಬ್ಯಾಂಕಿನ ಗುರಿ ಶೇ. 4, ಅದಕ್ಕೆ ಕೊಟ್ಟ ಮೇಲ್ಮಿತಿ ಶೇ. 6. ಆಸ್ಪತ್ರೆ, ಔಷಧಿಯ ಖರ್ಚು ಹೆಚ್ಚಿರುವ ವಯಸ್ಸಿನವರು ಮೇಲ್ಮಿತಿಯನ್ನೇ ಹಿಡಿಯುವುದು ಒಳ್ಳೆಯದು. ಆಗ ಎರಡನೇ ವರ್ಷ 3.18 ಲಕ್ಷ ಬೇಕು, ಆರನೇ ವರ್ಷ 4 ಲಕ್ಷ, ಹನ್ನೆರಡು ವರ್ಷ ಕಳೆದಾಗ 6 ಲಕ್ಷ. ಊಟ ಅದೇ, ಬಸ್ಸು ಅದೇ, ಬೆಲೆ ಮಾತ್ರ ಎರಡು ಪಟ್ಟು.

ವರ್ಷದ ಆರಂಭದಲ್ಲಿ ಆ ವರ್ಷದ ಖರ್ಚು ತೆಗೆದು, ಉಳಿದದ್ದಕ್ಕೆ ಶೇ. 7 ಬಡ್ಡಿ ಸೇರಿಸುತ್ತಾ ಹೋದರೆ ಆಗುವುದು ಹೀಗೆ. ಒಂದು ವರ್ಷ ಕಳೆದಾಗ ಖಾತೆಯಲ್ಲಿ 60.99 ಲಕ್ಷ. ಆರು ವರ್ಷ ಕಳೆದಾಗ 63.65 ಲಕ್ಷ. ಖರ್ಚು ಮಾಡಿಯೂ ಹಣ ಬೆಳೆದಿದೆ! ಅಲ್ಲಿಂದ ಮೆಲ್ಲನೆ ಇಳಿಯಲು ಶುರು. ಹನ್ನೊಂದು ವರ್ಷ ಕಳೆದಾಗ, ಅಂದರೆ ಅವರಿಗೆ 71 ಆದಾಗ, ಖಾತೆಯಲ್ಲಿ ಸುಮಾರು 60 ಲಕ್ಷ. ಊರಿಗೆ ಬಂದ ದಿನ ಎಷ್ಟಿತ್ತೋ ಅಷ್ಟೇ. ಯಾರಾದರೂ ಕೇಳಿದರೆ "ಒಂದು ರೂಪಾಯಿ ಅಸಲು ಮುಟ್ಟಲಿಲ್ಲ ಮಾರ್ರೆ, ಇನ್ನೂ 60 ಲಕ್ಷ ಉಂಟು" ಅಂತಾರೆ.

ಮುಂದಿನ ಹನ್ನೊಂದು ವರ್ಷದಲ್ಲಿ ಆ 60 ಲಕ್ಷವೂ ಮುಗಿಯುತ್ತದೆ.

ತಪ್ಪಿ ಬರೆದದ್ದಲ್ಲ, ಬೇಕಿದ್ದರೆ ಕ್ಯಾಲ್ಕುಲೇಟರ್ ಹಿಡಿದು ನೀವೇ ಮಾಡಿ ನೋಡಿ. 71ರಲ್ಲಿ ಅದೇ ಸಂಸಾರಕ್ಕೆ ವರ್ಷಕ್ಕೆ 5.7 ಲಕ್ಷ ಬೇಕು. 60 ಲಕ್ಷದ ಬಡ್ಡಿ 4.2 ಲಕ್ಷ ಮಾತ್ರ. ಆ ವರ್ಷದಿಂದ ಅಸಲು ಕರಗುವುದು, ಅಸಲು ಕರಗಿದಂತೆ ಬಡ್ಡಿ ಕಡಿಮೆಯಾಗುವುದು, ಖರ್ಚು ಏರುತ್ತಲೇ ಇರುವುದು. 75ರಲ್ಲಿ 49 ಲಕ್ಷ, 80ರಲ್ಲಿ ಬರೇ 19.5 ಲಕ್ಷ, 82ರಲ್ಲಿ ಕೈಯಲ್ಲಿ ಏನೂ ಇಲ್ಲ. ಆಗ ಹೆಂಡತಿಗೆ 76 ವರ್ಷ. ನಮ್ಮ ಕಡೆ ಹೆಂಗಸರು 85, 90ರವರೆಗೆ ಬದುಕುವುದು ಹೊಸತಲ್ಲ. ಎಷ್ಟು ವರ್ಷಕ್ಕೆ ಹಣ ಬೇಕು ಅಂತ ಲೆಕ್ಕ ಹಾಕುವಾಗ ಗಂಡಸಿನ ವಯಸ್ಸನ್ನಲ್ಲ, ಇಬ್ಬರಲ್ಲಿ ಚಿಕ್ಕವರ ವಯಸ್ಸನ್ನು ಹಿಡಿಯಬೇಕು. ಇಲ್ಲಿ ಹೆಂಡತಿಗೆ 90 ಆಗುವವರೆಗೆ ಅಂದರೆ 36 ವರ್ಷ.

ಹಾಗಾದರೆ ಅಪಾಯ ಬರುತ್ತಿದೆ ಅಂತ ಮೊದಲೇ ಹೇಗೆ ತಿಳಿಯುವುದು? ಖಾತೆಯ ಮೊತ್ತ ನೋಡಿದರೆ ತಿಳಿಯುವುದಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ಒಂದು ಭಾಗಾಕಾರ ಮಾಡಿ: ಈ ವರ್ಷ ಬೇಕಾದ ಖರ್ಚನ್ನು ಖಾತೆಯಲ್ಲಿರುವ ಮೊತ್ತದಿಂದ ಭಾಗಿಸಿ. ನಮ್ಮ ಉದಾಹರಣೆಯವರಿಗೆ 60ರಲ್ಲಿ ಅದು ಶೇ. 5. 65ರಲ್ಲಿ ಖಾತೆ 63.5 ಲಕ್ಷಕ್ಕೆ ಏರಿದೆ, ಆದರೆ ಖರ್ಚು 4 ಲಕ್ಷ ಆಗಿರುವುದರಿಂದ ದರ ಶೇ. 6.3. 71ರಲ್ಲಿ ಶೇ. 9.5. ಮೊತ್ತ ಕಣ್ಣಿಗೆ ಚಂದ ಕಾಣುತ್ತಿದ್ದಾಗಲೇ ದರ ಗಂಟೆ ಬಾರಿಸುತ್ತಿತ್ತು.

ಸುರಕ್ಷಿತ ಹಿಂತೆಗೆತ ದರ ಅಂದರೆ

ಈ ದರ ಎಷ್ಟಿದ್ದರೆ ಹಣ ಬದುಕಿನ ಕೊನೆಯವರೆಗೆ ಸಾಲುತ್ತದೆ ಎಂಬ ಪ್ರಶ್ನೆಯನ್ನು ಅಮೆರಿಕದ ವಿಲಿಯಂ ಬೆಂಗೆನ್ ಎಂಬ ಹಣಕಾಸು ಸಲಹೆಗಾರ 1994ರಲ್ಲಿ ಕೈಗೆತ್ತಿಕೊಂಡ. 1926ರಿಂದ ಮುಂದಿನ ಅಲ್ಲಿನ ಷೇರು ಮತ್ತು ಸರಕಾರಿ ಬಾಂಡ್‌ಗಳ ಅಂಕಿಅಂಶ ತೆಗೆದುಕೊಂಡು, ಪ್ರತಿ ವರ್ಷ ಒಬ್ಬ ನಿವೃತ್ತನಾದ ಅಂತ ಊಹಿಸಿ, ಯಾರ ಹಣ ಎಷ್ಟು ವರ್ಷ ಬಾಳಿತು ಅಂತ ನೋಡಿದ. ಅತಿ ಕೆಟ್ಟ ಕಾಲದಲ್ಲಿ ನಿವೃತ್ತನಾದವನಿಗೂ 30 ವರ್ಷ ಸಾಕಾದ ದರ ಸುಮಾರು ಶೇ. 4. ಆ ಕೆಟ್ಟ ಕಾಲ 1929ರ ಮಹಾಕುಸಿತ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಅದು 1960ರ ದಶಕದ ಕೊನೆ. ಆಗ ನಿವೃತ್ತರಾದವರ ಷೇರು ಮೇಲೇಳಲಿಲ್ಲ, ಅದರ ಮೇಲೆ 1970ರ ದಶಕದ ಬೆಲೆ ಏರಿಕೆ ಬಂದು ಖರ್ಚನ್ನು ಎತ್ತಿಕೊಂಡು ಹೋಯಿತು.

ಈ ಶೇ. 4ನ್ನು ತುಂಬ ಮಂದಿ ತಪ್ಪು ತಿಳಿದಿದ್ದಾರೆ. ಪ್ರತಿ ವರ್ಷ ಉಳಿದ ಹಣದ ಶೇ. 4 ತೆಗೆಯುವುದಲ್ಲ. ಮೊದಲ ವರ್ಷ ಮಾತ್ರ ಶೇ. 4, ಆಮೇಲೆ ಪ್ರತಿ ವರ್ಷ ಅದೇ ಮೊತ್ತವನ್ನು ಬೆಲೆ ಏರಿಕೆಯಷ್ಟು ಏರಿಸುವುದು. 60 ಲಕ್ಷಕ್ಕೆ ಮೊದಲ ವರ್ಷ 2.4 ಲಕ್ಷ, ತಿಂಗಳಿಗೆ 20,000. ಮುಂದಿನ ವರ್ಷ ಬೆಲೆ ಶೇ. 6 ಏರಿದರೆ 21,200.

ನಮಗೆ ಈ ಶೇ. 4 ಹಾಗೆಯೇ ಹೊಂದುವುದಿಲ್ಲ. ಅದು ಅಮೆರಿಕದ ಬೆಲೆ ಏರಿಕೆ, ಅಮೆರಿಕದ ಷೇರುಪೇಟೆಯ ಮೇಲೆ ನಿಂತ ಅಂಕಿ. ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಹಣ ಷೇರಿನಲ್ಲಿರಬೇಕು, ಬೇಕಾದದ್ದು 30 ವರ್ಷ. ನಮ್ಮವರ ಹಣ ಹೆಚ್ಚಾಗಿ ಎಫ್‌ಡಿಯಲ್ಲಿರುತ್ತದೆ, ಹೆಂಡತಿ ಚಿಕ್ಕವಳಿದ್ದರೆ 36 ವರ್ಷ ಬೇಕು. ಎಫ್‌ಡಿಗೆ ಸುಲಭದ ಲೆಕ್ಕ ಒಂದಿದೆ. ಬಡ್ಡಿ ಮತ್ತು ಬೆಲೆ ಏರಿಕೆ ಸಮ ಅಂದುಕೊಂಡು, 100ನ್ನು ಬೇಕಾದ ವರ್ಷಗಳಿಂದ ಭಾಗಿಸಿ. 36 ವರ್ಷಕ್ಕೆ ಶೇ. 2.8 ಬರುತ್ತದೆ, 60 ಲಕ್ಷಕ್ಕೆ ತಿಂಗಳಿಗೆ ಸುಮಾರು 13,900. ಬಡ್ಡಿ ಬೆಲೆ ಏರಿಕೆಗಿಂತ ಒಂದು ಶೇಕಡಾ ಹೆಚ್ಚು ಸಿಕ್ಕರೆ, ಅಂದರೆ ಮೇಲಿನ ಶೇ. 7 ಮತ್ತು 6ರ ಲೆಕ್ಕದಲ್ಲಿ, ಶೇ. 3.2ರಷ್ಟು ತೆಗೆಯಬಹುದು, ತಿಂಗಳಿಗೆ ಸುಮಾರು 16,000. ಅದೇ ಲೆಕ್ಕದಲ್ಲಿ ಶೇ. 4 ತೆಗೆದರೆ 28 ವರ್ಷ, ಶೇ. 3.5 ತೆಗೆದರೆ 33 ವರ್ಷ ಬರುತ್ತದೆ.

25,000 ಬೇಕು ಅಂದವರಿಗೆ 16,000 ಅಂತ ಹೇಳುವುದು ಬೇಸರದ ಕೆಲಸ. ಆದರೆ ವಿಮಾನ ಹತ್ತುವ ಮೊದಲೇ ಇದು ತಿಳಿಯಬೇಕು. ಆಗ ಒಂದೆರಡು ವರ್ಷ ಹೆಚ್ಚು ದುಡಿಯುವುದೋ, ಊರಿನ ಮನೆಯ ಒಂದು ಭಾಗ ಬಾಡಿಗೆಗೆ ಕೊಡುವುದೋ, ತೋಟದ ಅಡಿಕೆಯ ಆದಾಯ ಸೇರಿಸುವುದೋ, ಯೋಚಿಸಲು ಸಮಯ ಸಿಗುತ್ತದೆ. ಎರಡು ವರ್ಷ ಹೆಚ್ಚು ನಿಂತರೆ ಗ್ರಾಚ್ಯುಟಿ ಏರುವುದು 12,000 ದಿರ್ಹಂ ಮಾತ್ರ. ನಿಜವಾದ ಲಾಭ ಆ ಎರಡು ವರ್ಷ 60 ಲಕ್ಷಕ್ಕೆ ಕೈ ಹಾಕದೆ ಇರುವುದರಲ್ಲಿದೆ.

ಎಲ್ಲ ಪೆನ್ಶನ್ ಪಾಲಿಸಿಗೆ ಹಾಕಿದರೆ?

ಈಗ ಏಜೆಂಟರ ಮಾತು. ಇಡಿಗಂಟು ಕೊಟ್ಟು ಮರುತಿಂಗಳಿಂದಲೇ ಹಣ ಪಡೆಯುವ ಪಾಲಿಸಿಗೆ ವರ್ಷಾಶನ ಅಂತ ಹೆಸರು, ಊರಲ್ಲಿ ಎಲ್ಲರೂ ಪೆನ್ಶನ್ ಪ್ಲಾನ್ ಅನ್ನುತ್ತಾರೆ. ಎಲ್‌ಐಸಿಯ ಜೀವನ್ ಅಕ್ಷಯ್ ಈ ಬಗೆಯದು. ಖಾಸಗಿ ಕಂಪನಿಗಳಲ್ಲೂ ಇದೆ. ಇದರಲ್ಲಿ ಹಲವು ಆಯ್ಕೆಗಳಿದ್ದರೂ ಮೂಲದಲ್ಲಿ ಎರಡೇ ಜಾತಿ. ಒಂದರಲ್ಲಿ ನೀವು ತೀರಿಕೊಂಡ ಮೇಲೆ ಕಟ್ಟಿದ ಹಣ ವಾರಸುದಾರರಿಗೆ ಮರಳುತ್ತದೆ. ಇನ್ನೊಂದರಲ್ಲಿ ಮರಳುವುದಿಲ್ಲ, ಅದಕ್ಕೆ ಪ್ರತಿಯಾಗಿ ತಿಂಗಳ ಹಣ ಹೆಚ್ಚು. ಎರಡರಲ್ಲೂ ಗಂಡ ಹೆಂಡತಿ ಇಬ್ಬರ ಜೀವಕ್ಕೆ ಸೇರಿಸಿ ತೆಗೆದುಕೊಳ್ಳಬಹುದು. ಆಗ ಒಬ್ಬರು ಹೋದರೂ ಇನ್ನೊಬ್ಬರಿಗೆ ಬರುತ್ತದೆ.

ನಮ್ಮವರಿಗೆ ಸಹಜವಾಗಿ ಇಷ್ಟವಾಗುವುದು ಅಸಲು ಮರಳುವುದು, "ಮಕ್ಕಳಿಗಾದರೂ ಸಿಗ್ತದಲ್ಲ" ಅಂತ. ಆದರೆ ಅದರಲ್ಲಿ ನೀವು ಕೊಂಡದ್ದು ಏನು ಅಂತ ನೋಡಿ. ಕಂಪನಿ ನಿಮ್ಮ ಅಸಲನ್ನು ಮುಟ್ಟುವ ಹಾಗಿಲ್ಲ, ಬಡ್ಡಿಯಲ್ಲಿ ಒಂದು ಪಾಲನ್ನು ಮಾತ್ರ ಕೊಡುತ್ತದೆ. ಅದು ಸಾಯುವವರೆಗೆ ದರ ಬದಲಾಗದ ಒಂದು ಎಫ್‌ಡಿ ಅಷ್ಟೇ. ಉದಾಹರಣೆಗೆ ದರ ಶೇ. 6.6 ಅಂದುಕೊಂಡರೆ (ನಿಮ್ಮ ವಯಸ್ಸಿನ ದರವನ್ನು ಕಂಪನಿಯಿಂದ ಬರಹದಲ್ಲೇ ಕೇಳಿ) 60 ಲಕ್ಷಕ್ಕೆ ತಿಂಗಳಿಗೆ 33,000. 25,000 ಖರ್ಚಿನವರಿಗೆ ಇದು ಧಾರಾಳ ಅನ್ನಿಸುತ್ತದೆ. ಆದರೆ 33,000 ಎಂದೆಂದಿಗೂ 33,000ವೇ. ಖರ್ಚು ಶೇ. 6ರಂತೆ ಏರಿದರೆ ಐದು ವರ್ಷ ತುಂಬುವಾಗ 33,000 ದಾಟಿರುತ್ತದೆ, ಹನ್ನೆರಡನೇ ವರ್ಷಕ್ಕೆ 50,000. ಆ ಹೊತ್ತಿಗೆ 33,000ಕ್ಕೆ ಬರುವ ಸಾಮಾನು ಇವತ್ತಿನ 16,400ರದ್ದು. 84ನೇ ವಯಸ್ಸಿಗೆ ಇವತ್ತಿನ 8,000 ರೂಪಾಯಿಯದ್ದು. ಹಣ ಸಾಯುವವರೆಗೆ ಬರ್ತದೆ ಎಂಬ ಮಾತು ಸುಳ್ಳಲ್ಲ. ಎಷ್ಟು ಸಾಮಾನು ಬರ್ತದೆ ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಅಸಲು ಮರಳದ ಜಾತಿಯೇ ನಿಜವಾದ ವರ್ಷಾಶನ. ಬೇಗ ತೀರಿಕೊಂಡವರ ಹಣ ಉಳಿದು, ಹೆಚ್ಚು ಬದುಕಿದವರಿಗೆ ಹೋಗುತ್ತದೆ. ತುಂಬ ವರ್ಷ ಬದುಕುವುದೇ ಇಲ್ಲಿ ವಿಮೆ ಮಾಡಿಸಿದ ಅಪಾಯ. ಕೇಳಲು ಕಠೋರ, ಆದರೆ 92ರಲ್ಲಿ ಕೈಖಾಲಿ ಆಗುವುದಕ್ಕೆ ಇರುವ ನೇರ ಮದ್ದು ಇದೊಂದೇ.

ಆದರೆ ಯಾವ ವಯಸ್ಸಿನಲ್ಲಿ ಕೊಳ್ಳುವುದು ಎಂಬುದರ ಮೇಲೆ ಎಲ್ಲ ನಿಂತಿದೆ. ಅಳೆಯಲು ದಾರಿ ಇದು: ಅದೇ ಹಣವನ್ನು ಎಫ್‌ಡಿಯಲ್ಲಿಟ್ಟು, ಪಾಲಿಸಿ ಕೊಡುವಷ್ಟೇ ಮೊತ್ತವನ್ನು ನಾವೇ ತೆಗೆಯುತ್ತಾ ಹೋದರೆ ಎಷ್ಟು ವರ್ಷ ಬರುತ್ತದೆ? 60ರಲ್ಲಿ ಇಬ್ಬರ ಜೀವಕ್ಕೆ ಅಸಲು ಮರಳದೆ ಶೇ. 7.5 ಸಿಕ್ಕಿತು ಅಂದುಕೊಳ್ಳಿ. ಶೇ. 7ರ ಎಫ್‌ಡಿಯಿಂದ ವರ್ಷಕ್ಕೆ ಅಷ್ಟೇ ತೆಗೆದರೆ ಹಣ 40 ವರ್ಷ ಬರುತ್ತದೆ! ಅಂದರೆ ಗಂಡನಿಗೆ 100 ಆದ ಮೇಲೂ ಒಬ್ಬರಾದರೂ ಬದುಕಿದ್ದರೆ ಮಾತ್ರ ಪಾಲಿಸಿ ಗೆದ್ದಂತೆ. ಅರ್ಧ ಶೇಕಡಾ ಹೆಚ್ಚಿಗೆ ಅಸಲನ್ನೇ ಬಿಟ್ಟುಕೊಟ್ಟ ಹಾಗಾಯ್ತು. ಅದೇ 72ರಲ್ಲಿ ಒಂದು ಜೀವಕ್ಕೆ ಶೇ. 10 ಸಿಕ್ಕರೆ, ಎಫ್‌ಡಿಯಿಂದ ಅಷ್ಟು ತೆಗೆದರೆ 18 ವರ್ಷದಲ್ಲಿ ಮುಗಿಯುತ್ತದೆ. 90 ದಾಟಿದರೆ ಪಾಲಿಸಿ ಗೆಲ್ಲುತ್ತದೆ. ಅದು ಅರ್ಥವಿರುವ ವಿಮೆ. ವಯಸ್ಸು ಹೆಚ್ಚಾದಂತೆ ದರ ಹೆಚ್ಚು, ಇಬ್ಬರಿಗೆ ತೆಗೆದರೆ ಚಿಕ್ಕವರ ವಯಸ್ಸಿನಿಂದಾಗಿ ದರ ಕಡಿಮೆ. ಹಾಗಾಗಿ 60ರಲ್ಲಿ, ಸೆಟ್ಲ್‌ಮೆಂಟ್ ಹಣ ಬಂದ ವಾರದಲ್ಲೇ, ಎಲ್ಲವನ್ನೂ ಪಾಲಿಸಿಗೆ ಹಾಕುವುದು ನನ್ನ ಅಭಿಪ್ರಾಯದಲ್ಲಿ ದುಬಾರಿ ಆತುರ. ಅಸಲು ಮರಳದ ಪಾಲಿಸಿಯಿಂದ ಸಾಮಾನ್ಯವಾಗಿ ಹಿಂದೆ ಬರುವ ದಾರಿಯೂ ಇಲ್ಲ.

ಒಂದು ಮಾತು ಮಾತ್ರ ಪಾಲಿಸಿಯ ಪರವಾಗಿ ಹೇಳಲೇಬೇಕು. ಎಫ್‌ಡಿ ಬಡ್ಡಿ 40 ವರ್ಷ ಶೇ. 7ರಲ್ಲೇ ನಿಲ್ಲುತ್ತದೆ ಅಂತ ಯಾರೂ ಬರೆದು ಕೊಟ್ಟಿಲ್ಲ. 2014ರ ಹೊತ್ತಿಗೆ ಬ್ಯಾಂಕುಗಳು ಶೇ. 9ರ ಆಸುಪಾಸು ಕೊಡುತ್ತಿದ್ದವು. 2021ರಲ್ಲಿ ಸ್ಟೇಟ್ ಬ್ಯಾಂಕಿನ ದೀರ್ಘಾವಧಿ ಠೇವಣಿಗೆ ಶೇ. 5.4. 60 ಲಕ್ಷದ ಬಡ್ಡಿಯಲ್ಲಿ ಬದುಕುತ್ತಿದ್ದವರ ತಿಂಗಳ ಆದಾಯ 45,000ದಿಂದ 27,000ಕ್ಕೆ ಇಳಿದ ಲೆಕ್ಕ. ಬಡ್ಡಿ ಶೇ. 5ಕ್ಕೆ ಬಿದ್ದು ಅಲ್ಲೇ ನಿಂತರೆ ಮೇಲಿನ 40 ವರ್ಷ ಸುಮಾರು 22 ಆಗುತ್ತದೆ. ಆಗ ಶೇ. 7.5ರ ಪಾಲಿಸಿ ಜಾಣತನವಾಗಿ ಕಾಣುತ್ತದೆ.

ಹಾಗಾದರೆ ನಮ್ಮ ಸ್ಟೋರ್ ಕೀಪರ್ ಏನು ಮಾಡಬಹುದು

60 ತುಂಬಿ, ಊರಲ್ಲಿ ನೆಲೆಸಿದವರಿಗೆ ಮೊದಲ ಜಾಗ ಹಿರಿಯ ನಾಗರಿಕರ ಉಳಿತಾಯ ಯೋಜನೆ. ಅಂಚೆ ಕಚೇರಿ, ಬ್ಯಾಂಕು ಎರಡರಲ್ಲೂ ಸಿಗುತ್ತದೆ. ಎನ್‌ಆರ್‌ಐ ಆಗಿರುವಾಗ ತೆರೆಯುವ ಹಾಗಿಲ್ಲ, ಊರಿಗೆ ಬಂದು ನಿವಾಸಿ ಆದ ಮೇಲೆಯೇ. ಒಬ್ಬರಿಗೆ ಮಿತಿ 30 ಲಕ್ಷ. ಬಡ್ಡಿ 2023ರ ಏಪ್ರಿಲ್‌ನಲ್ಲಿ ಶೇ. 8.2 ಆಗಿ 2025ರುದ್ದಕ್ಕೂ ಅಲ್ಲೇ ಇತ್ತು. ತೆರೆಯುವ ದಿನದ ದರ 5 ವರ್ಷಕ್ಕೆ ನಿಗದಿ. 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ, ಅಂದರೆ ತಿಂಗಳಿಗೆ 20,500. ಖರ್ಚನ್ನು 20,000ಕ್ಕೆ ಇಳಿಸಿಕೊಂಡರೆ ಮೊದಲ ವರ್ಷ ಇದರಲ್ಲೇ ಸಾಗುತ್ತದೆ. ಐದನೇ ವರ್ಷಕ್ಕೆ ಆ 20,000 ಸುಮಾರು 25,000 ಆಗಿರುತ್ತದೆ, ಕೊರತೆಯನ್ನು ಉಳಿದ 30 ಲಕ್ಷದಿಂದ ತುಂಬಬೇಕು.

ಆ ಉಳಿದ 30 ಲಕ್ಷದಲ್ಲಿ ಒಂದು ಪಾಲು, 12 ಲಕ್ಷ ಅನ್ನಿ, ಬೆಲೆ ಏರಿಕೆಯನ್ನು ಮೀರಿ ಬೆಳೆಯಬಲ್ಲ ಜಾಗದಲ್ಲಿರಬೇಕು. ಇಂಡೆಕ್ಸ್ ಫಂಡ್ ಅದಕ್ಕೆ ಅಗ್ಗದ ದಾರಿ. ಆದರೆ ಷೇರಿನಿಂದ ತಿಂಗಳ ಖರ್ಚು ತೆಗೆಯುವವರು ಒಂದು ಸಂಗತಿ ತಿಳಿದಿರಬೇಕು. 60 ಲಕ್ಷದಿಂದ ಪ್ರತಿ ವರ್ಷದ ಆರಂಭದಲ್ಲಿ 4 ಲಕ್ಷ ತೆಗೆಯುತ್ತೀರಿ ಅಂದುಕೊಳ್ಳಿ. ಮೂರು ವರ್ಷದ ಫಲ ಕ್ರಮವಾಗಿ ಶೇ. 30 ಏರಿಕೆ, ಶೇ. 5 ಏರಿಕೆ, ಶೇ. 20 ಕುಸಿತ ಆದರೆ ಕೊನೆಗೆ 54.6 ಲಕ್ಷ ಉಳಿಯುತ್ತದೆ. ಅದೇ ಮೂರು ಅಂಕಿ ತಿರುಗಾಮುರುಗಾ, ಕುಸಿತ ಮೊದಲು ಏರಿಕೆ ಕೊನೆಗೆ ಬಂದರೆ ಉಳಿಯುವುದು 50.5 ಲಕ್ಷ. ಹಣ ತೆಗೆಯದೇ ಇದ್ದಿದ್ದರೆ ಎರಡರಲ್ಲೂ ಒಂದೇ ಮೊತ್ತ ಸಿಗುತ್ತಿತ್ತು. ಕುಸಿತದ ವರ್ಷದಲ್ಲಿ ಮಾರಿದ್ದರಿಂದಲೇ ಒಂದು ಪೂರ್ತಿ ವರ್ಷದ ಖರ್ಚು ಹೋಯಿತು. ಅದಕ್ಕೇ ಎರಡು ಮೂರು ವರ್ಷದ ಕೊರತೆಗೆ ಸಾಕಾಗುವಷ್ಟು ಹಣ ಸಾದಾ ಎಫ್‌ಡಿಯಲ್ಲಿರಲಿ. ಪೇಟೆ ಬಿದ್ದ ವರ್ಷ ಫಂಡ್ ಮುಟ್ಟಬೇಡಿ, ಆ ವರ್ಷ ಖರ್ಚನ್ನೂ ಏರಿಸಬೇಡಿ. ಆಸ್ಪತ್ರೆಗೆ ಅಂತ ಬೇರೆಯೇ ಒಂದು ಡಿಪಾಸಿಟ್ ಇಟ್ಟರೆ ಒಂದು ಆಪರೇಶನ್ ಈ ಎಲ್ಲ ಲೆಕ್ಕವನ್ನು ಕೆಡಿಸುವುದಿಲ್ಲ.

70 ದಾಟಿದ ಮೇಲೆ, ಆ ಹೊತ್ತಿನ ದರ ನೋಡಿ, ಅಕ್ಕಿ, ಕರೆಂಟು, ಔಷಧಿಯಂಥ ಬಿಡಲಾಗದ ಖರ್ಚಿಗೆ ಸಾಕಾಗುವಷ್ಟಕ್ಕೆ ಮಾತ್ರ ಇಬ್ಬರ ಜೀವಕ್ಕೆ ವರ್ಷಾಶನ ಕೊಳ್ಳಬಹುದು. ಅಲ್ಲಿಯವರೆಗೆ ಪ್ರತಿ ಏಪ್ರಿಲ್‌ನ ಭಾಗಾಕಾರ ತಪ್ಪಿಸಬಾರದು. ಬಂದ ದರವನ್ನು ಹೆಂಡತಿಗೆ 90 ಆಗಲು ಉಳಿದ ವರ್ಷಗಳಿಂದ 100ನ್ನು ಭಾಗಿಸಿದ ಅಂಕಿಯ ಜೊತೆ ಹೋಲಿಸಿ. ಅವರಿಗೆ 60 ಆದಾಗ ಅದು ಶೇ. 3.3, 66 ಆದಾಗ ಶೇ. 4.2. ನಿಮ್ಮ ದರ ಅದಕ್ಕಿಂತ ಒಂದೂವರೆ, ಎರಡು ಶೇಕಡಾ ಮೇಲೆ ಹೋಯಿತು ಅಂದರೆ ಆ ವರ್ಷವೇ ಖರ್ಚು ಕಡಿಮೆ ಮಾಡಬೇಕು. ಇದೆಲ್ಲ ಮಾಡಿದರೂ 60 ಲಕ್ಷ 60 ಲಕ್ಷವೇ. ಹಂಚಿ ಇಟ್ಟ ಮಾತ್ರಕ್ಕೆ 25,000 ಖರ್ಚು ಶೇ. 5ರಿಂದ ಇಳಿಯುವುದಿಲ್ಲ.

ತೆರಿಗೆಯ ಚಿಂತೆ ಇಷ್ಟು ಮೊತ್ತಕ್ಕೆ ದೊಡ್ಡದಲ್ಲ. ವರ್ಷಾಶನವೂ ಬಡ್ಡಿಯೂ ತೆರಿಗೆಗೆ ಸೇರುವ ಆದಾಯವೇ. ಆದರೆ 2025-26ರಿಂದ ಹೊಸ ಪದ್ಧತಿಯಲ್ಲಿ ನಿವಾಸಿಗಳಿಗೆ ಇಂಥ ಆದಾಯ 12 ಲಕ್ಷದವರೆಗೆ ಇದ್ದರೆ ರಿಬೇಟ್ ಸಿಕ್ಕಿ ತೆರಿಗೆ ಬೀಳುವುದಿಲ್ಲ. ರಿಟರ್ನ್ ಮಾತ್ರ ಸಲ್ಲಿಸಬೇಕು. ಊರಲ್ಲಿ ನೆಲೆಸಿದ ಮೇಲೆ ಎನ್‌ಆರ್‌ಇ ಖಾತೆಯನ್ನು ನಿವಾಸಿ ಖಾತೆಗೆ ಬದಲಿಸಲು ಬ್ಯಾಂಕಿಗೆ ತಿಳಿಸಿ.

ಬಡ್ಡಿ ಬೇಡ ಅನ್ನುವ ಓದುಗರು ನಮ್ಮಲ್ಲಿ ತುಂಬ ಜನ ಇದ್ದಾರೆ. ಅವರು ಹಣವನ್ನು ಅಂಗಡಿ ಕೋಣೆಗೋ ಫ್ಲ್ಯಾಟಿಗೋ ಹಾಕುತ್ತಾರೆ. ಅವರಿಗೂ ಇದೇ ಭಾಗಾಕಾರ: ರಿಪೇರಿ, ತೆರಿಗೆ, ಖಾಲಿ ಬಿದ್ದ ತಿಂಗಳು ಕಳೆದು ಉಳಿದ ವರ್ಷದ ಬಾಡಿಗೆಯನ್ನು ಕೊಟ್ಟ ಬೆಲೆಯಿಂದ ಭಾಗಿಸಿ. ಶೇ. 3 ಬಂದರೂ ಬೇಸರ ಬೇಡ, ಬಾಡಿಗೆ ಬೆಲೆಯ ಜೊತೆ ಏರುತ್ತದೆ, ಪಾಲಿಸಿಯ ಹಣ ಏರುವುದಿಲ್ಲ. ತೊಂದರೆ ಒಂದೇ. ಆಸ್ಪತ್ರೆ ಬಿಲ್ಲಿಗೆ ಫ್ಲ್ಯಾಟಿನ ಒಂದು ಕೋಣೆ ಮಾತ್ರ ಮಾರಲಾಗುವುದಿಲ್ಲ.

ಕಾಸರಗೋಡು, ಮಂಜೇಶ್ವರದ ಕನ್ನಡಿಗರಿಗೆ ಇನ್ನೊಂದು ಬಾಗಿಲು ತೆರೆದಿದೆ. ಕೇರಳ ಪ್ರವಾಸಿ ಕ್ಷೇಮನಿಧಿಗೆ 60 ತುಂಬುವ ಮೊದಲು ಸದಸ್ಯರಾಗಿ, ಕನಿಷ್ಠ 5 ವರ್ಷ ವಂತಿಗೆ ಕಟ್ಟಿದವರಿಗೆ 60ರ ನಂತರ ತಿಂಗಳ ಪಿಂಚಣಿ ಇದೆ. ಮೊತ್ತ ಸಣ್ಣದು. ಆದರೆ ತಿಂಗಳಿಗೆ 3,000 ರೂಪಾಯಿ ಬಂದರೂ, ಶೇ. 3.2ರ ಲೆಕ್ಕದಲ್ಲಿ ಅದು 11 ಲಕ್ಷ ಇಡಿಗಂಟಿನ ಮೊದಲ ವರ್ಷದ ಕೆಲಸ ಮಾಡುತ್ತದೆ. ಐವತ್ತರ ಹೊಸ್ತಿಲಲ್ಲಿ ಇರುವವರು ಮುಂದಿನ ಸಲ ರಜೆಯಲ್ಲಿ ಊರಿಗೆ ಹೋದಾಗ ಇದನ್ನು ಮುಗಿಸಿಕೊಂಡೇ ಬನ್ನಿ.